ಅಕ್ಕನ ಬೆನ್ನಿನ ನಾಲ್ಕು ಚಿತ್ರಗಳು

ನಾನು 31 ವರ್ಷ ಎಕ್ಸ್‌ರೇ ತೆಗೆಯುವ ಕೆಲಸ ಮಾಡಿದವನು. ಅಷ್ಟೂ ವರ್ಷ ಜನರಿಗೆ ಹೆಚ್ಚಾಗಿ ಹೇಳಿದ ಮಾತುಗಳು ಎರಡೇ. ಒಂದು, "ಉಸಿರು ಹಿಡ್ಕೊಳ್ಳಿ." ಇನ್ನೊಂದು, "ಉಡಿದಾರ ತೆಗೆದಿಡಿ." ಬೆಳ್ಳಿಯ ಉಡಿದಾರವಾಗಲಿ, ಸೀರೆಗೆ ಸಿಕ್ಕಿಸಿದ ಪಿನ್ನಾಗಲಿ, ಅದರ ನೆರಳು ಮೂಳೆಯ ಮೇಲೆ ಬಿದ್ದರೆ ನೋಡಬೇಕಾದ ಜಾಗವೇ ಮರೆಯಾಗುತ್ತದೆ. ಎಕ್ಸ್‌ರೇ ಅಂದರೆ ನೆರಳಿನ ಚಿತ್ರ. ನೆರಳು ಹೇಗೆ ಬೀಳುತ್ತದೆ ಅನ್ನುವುದು ನಾವು ಹೇಗೆ ನಿಂತಿದ್ದೇವೆ ಅನ್ನುವುದರ ಮೇಲೆ ನಿಂತಿದೆ. ಬೆನ್ನುಮೂಳೆಯ ವಿಷಯದಲ್ಲಿ ಈ ಮಾತು ಎಷ್ಟು ದೊಡ್ಡದು ಅನ್ನುವುದನ್ನು ನನ್ನ ದೊಡ್ಡಕ್ಕನ ಕತೆಯಿಂದಲೇ ಹೇಳುತ್ತೇನೆ.

ಅಕ್ಕನಿಗೆ ಆಗ 68 ವರ್ಷ. ಮೈಸೂರಿನ ಅವಳ ಮನೆಯಿಂದ ತರಕಾರಿ ಅಂಗಡಿಗೆ ಹೆಚ್ಚೆಂದರೆ ಅರ್ಧ ಕಿಲೋಮೀಟರ್. ಮೊದಲೆಲ್ಲ ಒಂದೇ ಉಸಿರಿಗೆ ಹೋಗಿ ಬರುತ್ತಿದ್ದವಳು, ಆ ವರ್ಷ ದಾರಿಯಲ್ಲಿ ಎರಡು ಕಡೆ ಕೂರತೊಡಗಿದಳು. ಇನ್ನೂರು ಮೀಟರ್ ನಡೆಯುವಷ್ಟರಲ್ಲಿ ಪಿರ್ರೆಯಿಂದ ತೊಡೆ, ತೊಡೆಯಿಂದ ಮೀನಖಂಡದವರೆಗೆ ನೋವು ಇಳಿಯುತ್ತಿತ್ತು. ಕಾಲು ಜೋಮು ಹಿಡಿದಂತೆ, ಸೀಸ ಕಟ್ಟಿದಂತೆ ಭಾರವಾಗುತ್ತಿತ್ತು. ಯಾರದಾದರೂ ಮನೆಯ ಜಗಲಿಯ ಮೇಲೆ ಎರಡು ನಿಮಿಷ ಕೂತರೆ ನೋವು ಮಾಯ! ಎದ್ದು ಮತ್ತೆ ಇನ್ನೂರು ಮೀಟರ್. ಮನೆಯಲ್ಲಿ ಕೂತು ಬೀನ್ಸ್ ಸೋಸುವಾಗ, ಬಾಗಿ ರಂಗೋಲಿ ಹಾಕುವಾಗ ಏನೂ ಇಲ್ಲ. ಹಾಗಾಗಿ ಮನೆಯವರಿಗೂ ಒಂದು ಅನುಮಾನ. "ಕೂತರೆ ಹೋಗುವ ನೋವು ಎಂಥ ನೋವು?" ಎಂದು ಅಳಿಯ ತಮಾಷೆ ಮಾಡಿದ. ಅಕ್ಕ ನಕ್ಕಳು. ಆದರೆ ಮರುವಾರದಿಂದ ತರಕಾರಿ ತರಲು ಪಕ್ಕದ ಮನೆಯವರನ್ನು ಕೇಳಿದಳು. ದೇವಸ್ಥಾನ ಬಿಟ್ಟಳು, ಮದುವೆಗಳಿಗೆ ಹೋಗುವುದನ್ನೂ ಬಿಟ್ಟಳು.

ನಡೆದರೆ ಬಂದು ಕೂತರೆ ಹೋಗುವ ಕಾಲುನೋವಿಗೆ ಮುಖ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದು, ಕಾಲಿನ ರಕ್ತನಾಳ ಕಿರಿದಾಗಿ ನಡೆಯುವ ಸ್ನಾಯುಗಳಿಗೆ ಸಾಕಷ್ಟು ರಕ್ತ ಸಿಗದಿರುವುದು. ಇನ್ನೊಂದು, ಬೆನ್ನಿನೊಳಗೆ ನರಗಳು ಇಳಿದು ಬರುವ ದಾರಿ ಇಕ್ಕಟ್ಟಾಗುವುದು. ಇವೆರಡನ್ನೂ ಬಿಡಿಸಿ ನೋಡಲು ವೈದ್ಯರು ಮೊದಲು ಕೇಳುವುದು ಸುಲಭದ ಪ್ರಶ್ನೆಗಳನ್ನೇ. ರಕ್ತದ ತೊಂದರೆಯಾದರೆ ಸುಮ್ಮನೆ ನಿಂತರೂ ನೋವು ಇಳಿಯುತ್ತದೆ. ನರದ ತೊಂದರೆಯಾದರೆ ನೆಟ್ಟಗೆ ನಿಂತರೆ ಇಳಿಯುವುದಿಲ್ಲ, ಕೂರಬೇಕು ಇಲ್ಲವೆ ಮುಂದಕ್ಕೆ ಬಾಗಬೇಕು. ಏರು ಹತ್ತುವಾಗ ನಾವು ಮುಂದಕ್ಕೆ ಬಾಗುತ್ತೇವೆ, ಇಳಿಜಾರಿನಲ್ಲಿ ಹಿಂದಕ್ಕೆ ವಾಲುತ್ತೇವೆ. ಆದ್ದರಿಂದ ನರದ ತೊಂದರೆಯವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಅಕ್ಕ ಹೇಳಿದ್ದು ಥೇಟ್ ಇದನ್ನೇ. "ಬೀದಿ ಏರುವಾಗ ಪರವಾಗಿಲ್ಲ ಕಣೋ, ವಾಪಸ್ ಇಳಿಯುವಾಗ ಜೀವ ಹೋಗುತ್ತೆ." ವೈದ್ಯರು ಅವಳ ಪಾದದ ಮೇಲೆ ಮತ್ತು ಹಿಮ್ಮಡಿಯ ಪಕ್ಕ ಬೆರಳಿಟ್ಟು ನಾಡಿ ನೋಡಿದರು. ಎರಡೂ ಕಾಲಿನಲ್ಲಿ ಚೆನ್ನಾಗಿ ಬಡಿಯುತ್ತಿತ್ತು. ಅಂದರೆ ಹುಡುಕಬೇಕಾದದ್ದು ಬೆನ್ನಿನಲ್ಲಿ.

ಆದರೆ ಬೆನ್ನಿನ ಎಕ್ಸ್‌ರೇ ಆಗಲೇ ಆಗಿತ್ತು. ಮೂರು ತಿಂಗಳ ಹಿಂದೆ ಬೇರೊಂದು ಕಡೆ ತೆಗೆಸಿದ್ದರು. ವರದಿಯಲ್ಲಿ "ವಯಸ್ಸಿಗೆ ತಕ್ಕ ಸವೆತ" ಎಂದು ಬರೆದಿತ್ತು. ವೈದ್ಯರು ಆ ಫಿಲಂ ಅನ್ನು ಬೆಳಕಿಗೆ ಹಿಡಿದು ಒಂದೇ ಪ್ರಶ್ನೆ ಕೇಳಿದರು. "ಅಮ್ಮಾ, ಇದನ್ನು ತೆಗೆಯುವಾಗ ನಿಮ್ಮನ್ನು ನಿಲ್ಲಿಸಿದ್ದರೋ, ಮಲಗಿಸಿದ್ದರೋ?"

"ಮಲಗಿಸಿದ್ದರು ಡಾಕ್ಟ್ರೇ. ಮಲಗಿದರೆ ನನಗೆ ನೋವೇ ಇರಲ್ಲ."

"ಹಾಗಾದರೆ ನೋವಿಲ್ಲದ ಹೊತ್ತಿನ ಚಿತ್ರ ನಮ್ಮ ಹತ್ತಿರ ಇದೆ. ನೋವಿರುವ ಹೊತ್ತಿನದ್ದು ಬೇಕು" ಎಂದು ಅವರು ಮೂರು ಹೊಸ ಎಕ್ಸ್‌ರೇ ಬರೆದುಕೊಟ್ಟರು. ನೆಟ್ಟಗೆ ನಿಂತು ಒಂದು, ಮುಂದಕ್ಕೆ ಬಾಗಿ ಒಂದು, ಹಿಂದಕ್ಕೆ ಬಾಗಿ ಒಂದು. ಮೂರನ್ನೂ ಪಕ್ಕದಿಂದ ತೆಗೆಯಬೇಕು.

ಅವರು ಅನುಮಾನಿಸಿದ್ದ ಕಾಯಿಲೆಯ ಹೆಸರು ಸ್ಪಾಂಡಿಲೋಲಿಸ್ಥೆಸಿಸ್. ಸ್ಪಾಂಡಿಲೈಟಿಸ್ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ, ಇದು ಅದಲ್ಲ. ಗ್ರೀಕ್ ಭಾಷೆಯಲ್ಲಿ ಒಂದು ಪದಕ್ಕೆ ಬೆನ್ನಿನ ಮೂಳೆ ಎಂದೂ ಇನ್ನೊಂದಕ್ಕೆ ಜಾರುವುದು ಎಂದೂ ಅರ್ಥ. ಎರಡೂ ಸೇರಿ ಈ ಹೆಸರಾಗಿದೆ. ಬೆನ್ನಿನ ಒಂದು ಮೂಳೆ ತನ್ನ ಕೆಳಗಿನ ಮೂಳೆಯ ಮೇಲಿಂದ ಮುಂದಕ್ಕೆ ಜಾರಿರುವುದು, ಅಷ್ಟೆ.

ಜಾರಿದರೆ ಕಾಲು ಯಾಕೆ ನೋಯಬೇಕು? ಅಕ್ಕನ ಮೊಮ್ಮಗ ಎಂಟನೇ ತರಗತಿ. ಅವನೂ ಇದನ್ನೇ ಕೇಳಿದ. ನಾನು ಅಕ್ಕನ ಡಬ್ಬಿಯಿಂದ ದಪ್ಪ ಹರಳಿನ ನಾಲ್ಕೈದು ಹಳೆಯ ಉಂಗುರಗಳನ್ನು ತರಿಸಿದೆ. ಹರಳುಗಳೆಲ್ಲ ಒಂದೇ ಕಡೆಗೆ ಬರುವ ಹಾಗೆ ಒಂದರ ಮೇಲೊಂದು ಪೇರಿಸಿದೆ. "ನೋಡು, ನಮ್ಮ ಬೆನ್ನುಮೂಳೆ ಹೀಗೇ ಇದೆ. ಮುಂದಿರುವ ಹರಳು ದಪ್ಪ ಮೂಳೆ, ಮೈಭಾರ ಹೊರುವುದು ಅದು. ಹಿಂದಿರುವ ಬಳೆಯಂಥ ಭಾಗ ಮೂಳೆಯ ಕಮಾನು. ಉಂಗುರಗಳ ತೂತುಗಳೆಲ್ಲ ಸೇರಿ ಒಂದು ಕೊಳವೆಯಾಯಿತಲ್ಲ, ಕಾಲಿಗೆ ಹೋಗುವ ನರಗಳು ಇಳಿಯುವುದು ಅದರೊಳಗೆ." ಕೊಳವೆಯೊಳಗೆ ನಾಲ್ಕಾರು ಎಳೆ ದಾರ ಇಳಿಬಿಟ್ಟೆ. ಆಮೇಲೆ ಒಂದು ಉಂಗುರವನ್ನು ಮೆಲ್ಲನೆ ಮುಂದಕ್ಕೆ ನೂಕಲು ಹೇಳಿದೆ. ನೂಕಿದ. ಮೇಲಿನ ಉಂಗುರದ ಹಿಂಬದಿಗೂ ಕೆಳಗಿನ ಹರಳಿನ ಅಂಚಿಗೂ ನಡುವೆ ದಾರ ಸಿಕ್ಕಿಕೊಂಡಿತು. "ಓ, ಕತ್ತರಿ ಥರ!" ಎಂದ.

ಸೊಂಟದ ಭಾಗದಲ್ಲಿ ಇಂಥ ಮೂಳೆಗಳು ಐದು. ವಯಸ್ಸಾದವರಲ್ಲಿ ಹೆಚ್ಚಾಗಿ ಜಾರುವುದು ನಾಲ್ಕನೆಯದು, ಐದನೆಯದರ ಮೇಲೆ. ಮೂಳೆಗಳ ನಡುವಿನ ಡಿಸ್ಕ್ ಒಣಗಿ ತೆಳ್ಳಗಾಗುತ್ತದೆ. ಮೂಳೆ ಮುಂದೆ ಹೋಗದಂತೆ ಹಿಂದಿನಿಂದ ಹಿಡಿದಿಡುವ ಸಣ್ಣ ಕೀಲುಗಳು ಸವೆಯುತ್ತವೆ. ಆಗ ಇಡೀ ಉಂಗುರವೇ ನಿಧಾನವಾಗಿ ಸರಿಯುತ್ತದೆ. ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಅದೂ 50 ದಾಟಿದ ಮೇಲೆ.

ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಆಗುವ ಜಾರುವಿಕೆ ಬೇರೆ ಬಗೆಯದು. ಬೆನ್ನನ್ನು ಹಿಂದಕ್ಕೆ ಬಗ್ಗಿಸಿ ತಿರುಚುವ ಆಟಗಳಲ್ಲಿ, ಅಂದರೆ ವೇಗದ ಬೌಲಿಂಗ್, ಜಿಮ್ನಾಸ್ಟಿಕ್ಸ್‌ನಂಥವುಗಳಲ್ಲಿ, ಮತ್ತೆ ಮತ್ತೆ ಒತ್ತಡ ಬಿದ್ದು ಕಮಾನಿನಲ್ಲಿ ಕೂದಲೆಳೆಯ ಬಿರುಕು ಬರಬಹುದು. ಆಗ ಉಂಗುರ ತುಂಡಾಗಿ ಹರಳು ಮಾತ್ರ ಮುಂದೆ ಜಾರುತ್ತದೆ, ಹಿಂದಿನ ತುಂಡು ಅಲ್ಲೇ ಉಳಿಯುತ್ತದೆ. ಉಂಗುರಗಳಿಂದಲೇ ಮಾಡಿ ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಹೀಗೆ ತುಂಡಾಗಿ ಜಾರಿದಾಗ ನಡುವಿನ ಕೊಳವೆ ಇಕ್ಕಟ್ಟಾಗುವ ಬದಲು ಅಗಲವೇ ಆಗುತ್ತದೆ. ಅದಕ್ಕೇ ಅಜ್ಜಿಯ ಕಾಲುನೋವು ಬೇರೆ, ಬೌಲಿಂಗ್ ಹುಡುಗನ ಬೆನ್ನುನೋವು ಬೇರೆ.

ಎಕ್ಸ್‌ರೇ ದಿನ ಅಕ್ಕನ ಜೊತೆ ನಾನೂ ಹೋದೆ. ಅಲ್ಲಿದ್ದ ಹುಡುಗಿ ಚುರುಕಾಗಿದ್ದಳು. ಮೊದಲ ಚಿತ್ರಕ್ಕೆ ಅಕ್ಕನನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದಳು. ಕೈಗಳು ಬೆನ್ನಿನ ಮೇಲೆ ನೆರಳು ಬೀಳಿಸದಂತೆ ಎದೆಯ ಮುಂದೆ ಕಟ್ಟಿಸಿದಳು. ಕಿರಣದ ನಡುಬಿಂದುವನ್ನು ಸೊಂಟದ ಮೂಳೆಯ ಮೇಲಂಚಿನ ಎತ್ತರಕ್ಕೆ ತಂದಳು. ನಾಲ್ಕನೇ ಮತ್ತು ಐದನೇ ಮೂಳೆಗಳು ಕೂಡುವುದು ಸುಮಾರಾಗಿ ಆ ಎತ್ತರದಲ್ಲೇ.

ಎರಡನೆಯ ಚಿತ್ರ ಮುಂದಕ್ಕೆ ಬಾಗಿದ್ದು. ಈ ಚಿತ್ರ ಹೆಚ್ಚಾಗಿ ಕೆಡುವುದು ಎರಡು ಕಾರಣಕ್ಕೆ. ಬಾಗಿ ಎಂದರೆ ಬಹಳ ಜನ ಸೊಂಟದ ಕೀಲಿನಿಂದ ಬಾಗುತ್ತಾರೆ, ಬೆನ್ನು ಮಾತ್ರ ಹಲಗೆಯ ಹಾಗೆ ನೆಟ್ಟಗಿರುತ್ತದೆ. ಇಲ್ಲವೆ ನೋವಿನ ಭಯದಿಂದ ಸ್ವಲ್ಪವೇ ಬಾಗಿ ನಿಲ್ಲುತ್ತಾರೆ. ಎರಡರಲ್ಲೂ ಮೂಳೆ ಅಲುಗುವುದೇ ಇಲ್ಲ, ಚಿತ್ರ ನೋಡಿದವರಿಗೆ "ಎಲ್ಲ ಗಟ್ಟಿಯಾಗಿದೆ" ಎನ್ನಿಸುತ್ತದೆ. ಆ ಹುಡುಗಿ, "ಅಜ್ಜಿ, ಗಲ್ಲ ಎದೆಗೆ ತನ್ನಿ. ಈಗ ಬೆಕ್ಕು ಬೆನ್ನು ಗೂನು ಮಾಡುತ್ತಲ್ಲ, ಹಾಗೆ ಮಾಡಿ. ಬೀಳಲ್ಲ, ಈ ಕಂಬಿ ಹಿಡ್ಕೊಳ್ಳಿ" ಎಂದಳು. ಮೂರನೆಯದಕ್ಕೆ, "ಸೂರ್ಯನಮಸ್ಕಾರದಲ್ಲಿ ಹಿಂದೆ ಬಾಗೋ ಹಾಗೆ, ಎಷ್ಟಾಗುತ್ತೋ ಅಷ್ಟೇ" ಎಂದಳು. ಹಿಂದಕ್ಕೆ ಬಾಗಿದ ಕೂಡಲೇ ಅಕ್ಕನ ಕಾಲಿಗೆ ಜೋಮು ಬಂತು. ಚಿತ್ರ ಮುಗಿದ ಕೂಡಲೇ ಸ್ಟೂಲು ಕೊಟ್ಟು ಕೂರಿಸಿದಳು.

ಚಿತ್ರ ಸರಿಯಾಗಿ ಬಂದಿದೆಯೇ ಎಂದು ತಿಳಿಯಲು ಒಂದು ಗುರುತಿದೆ. ನಿಂತವರು ಸ್ವಲ್ಪ ಓರೆಯಾಗಿದ್ದರೆ ಮೂಳೆಯ ಹಿಂದಂಚು ಒಂದು ಗೆರೆಯಾಗಿ ಕಾಣದೆ ಜೋಡಿ ಗೆರೆಯಾಗಿ ಕಾಣುತ್ತದೆ. ಆಗ ಯಾವ ಗೆರೆಯಿಂದ ಅಳೆಯಬೇಕೆಂಬುದೇ ತಿಳಿಯದೆ ಒಂದೆರಡು ಮಿಲಿಮೀಟರ್ ಸುಮ್ಮನೆ ತಪ್ಪುತ್ತದೆ. ಅಕ್ಕನ ಮೂರೂ ಚಿತ್ರಗಳಲ್ಲಿ ಗೆರೆ ಒಂಟಿಯಾಗಿತ್ತು.

ಈಗ ಅಳತೆ. ಐದನೇ ಮೂಳೆಯ ಮೇಲ್ಮೈ ಹಿಂದಿನ ಮೂಲೆಯಿಂದ ಮುಂದಿನ ಮೂಲೆಯವರೆಗೆ ಎಷ್ಟು ಉದ್ದವಿದೆ ಎಂದು ಮೊದಲು ಅಳೆಯಬೇಕು. ಆಮೇಲೆ ನಾಲ್ಕನೇ ಮೂಳೆಯ ಹಿಂದಿನ ಕೆಳಮೂಲೆ, ಐದನೆಯದರ ಹಿಂದಿನ ಮೇಲ್ಮೂಲೆಯಿಂದ ಎಷ್ಟು ಮುಂದೆ ಹೋಗಿದೆ ಎಂದು ಅಳೆಯಬೇಕು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಜಾರಿದ ಶೇಕಡಾ ಸಿಗುತ್ತದೆ. ಅಮೆರಿಕದ ಹೆನ್ರಿ ಮೆಯರ್ಡಿಂಗ್ ಎಂಬ ಶಸ್ತ್ರವೈದ್ಯರು 1932ರಲ್ಲಿ ಪ್ರಕಟಿಸಿದ ದರ್ಜೆಗಳೇ ಇಂದಿಗೂ ನಡೆಯುತ್ತಿವೆ. ಮೂಳೆಯ ಮೇಲ್ಮೈಯನ್ನು ನಾಲ್ಕು ಸಮಭಾಗ ಮಾಡಿ. ಮೊದಲ ಕಾಲುಭಾಗದೊಳಗೆ ಜಾರಿದ್ದರೆ ಒಂದನೇ ದರ್ಜೆ, ಅರ್ಧದವರೆಗೆ ಎರಡನೆಯದು, ಮುಕ್ಕಾಲಿನವರೆಗೆ ಮೂರನೆಯದು, ಅದಕ್ಕೂ ಮೀರಿದರೆ ನಾಲ್ಕನೆಯದು. ಶಾಲೆಯ ದರ್ಜೆಗೆ ಇದು ತಿರುವುಮುರುವು, ಇಲ್ಲಿ ಮೇಲಿನ ದರ್ಜೆ ಯಾರಿಗೂ ಬೇಡ. ವಯಸ್ಸಿನಿಂದ ಬರುವ ಜಾರುವಿಕೆ ಎರಡನೇ ದರ್ಜೆಯನ್ನು ದಾಟುವುದು ಅಪರೂಪ, ಏಕೆಂದರೆ ತುಂಡಾಗದ ಕಮಾನೇ ಅದನ್ನು ತಡೆದು ನಿಲ್ಲಿಸುತ್ತದೆ.

ಆಸ್ಪತ್ರೆಯವರು ಕಂಪ್ಯೂಟರಿನಲ್ಲಿ ಅಳೆದಾಗ, ನೆಟ್ಟಗೆ ನಿಂತ ಚಿತ್ರದಲ್ಲಿ ಮೇಲ್ಮೈ 40 ಮಿಲಿಮೀಟರ್, ಜಾರಿದ್ದು 8. ಅಂದರೆ ಶೇಕಡಾ 20. ಮನೆಗೆ ಬಂದ ಮೇಲೆ ಮೊಮ್ಮಗ ಜಾಮಿಟ್ರಿ ಬಾಕ್ಸ್ ತಂದು ಫಿಲಂ ಮೇಲೆ ತಾನೂ ಅಳೆದ. ಮುಖ ಚಿಕ್ಕದಾಯಿತು. "ತಾತ, ಅವರು ತಪ್ಪು ಬರೆದಿದ್ದಾರೆ. ಇಲ್ಲಿ 20 ಮಿಲಿಮೀಟರ್ ಇದೆ, ಜಾರಿದ್ದು 4 ಅಷ್ಟೆ."

"ಭಾಗಿಸಿ ನೋಡು."

ಭಾಗಿಸಿದ. ಅದೇ ಶೇಕಡಾ 20! ಫಿಲಂ ಹಾಳೆಯಲ್ಲಿ ಚಿತ್ರವನ್ನು ಅರ್ಧಕ್ಕೆ ಕುಗ್ಗಿಸಿ ಮುದ್ರಿಸಿದ್ದರು. ಎಕ್ಸ್‌ರೇ ನೆರಳು ನಿಂತ ದೂರಕ್ಕೆ ತಕ್ಕಂತೆ ಹಿಗ್ಗುತ್ತದೆ, ಮುದ್ರಿಸುವಾಗ ಕುಗ್ಗುತ್ತದೆ. ಎರಡೂ ಅಳತೆ ಒಟ್ಟಿಗೇ ಹಿಗ್ಗಿ ಕುಗ್ಗುವುದರಿಂದ ಶೇಕಡಾ ಬದಲಾಗುವುದಿಲ್ಲ. ದರ್ಜೆಯನ್ನು ಶೇಕಡಾದಲ್ಲಿ ಹೇಳುವುದರ ಜಾಣತನ ಅದೇ.

ನಾಲ್ಕೂ ಚಿತ್ರಗಳನ್ನು ಸಾಲಾಗಿ ಇಟ್ಟೆವು. ಮಲಗಿದ್ದಾಗ ಜಾರಿದ್ದು 40ಕ್ಕೆ 3, ಶೇಕಡಾ 8ರಷ್ಟು. ನಿಂತಾಗ 8, ಶೇಕಡಾ 20. ಮುಂದಕ್ಕೆ ಬಾಗಿದಾಗ 9, ಶೇಕಡಾ 22ಕ್ಕೂ ತುಸು ಹೆಚ್ಚು. ಹಿಂದಕ್ಕೆ ಬಾಗಿದಾಗ 5, ಶೇಕಡಾ 12ಕ್ಕೂ ತುಸು ಹೆಚ್ಚು. ಎಲ್ಲ ಲೆಕ್ಕದಲ್ಲೂ ಅಕ್ಕ ಒಂದನೇ ದರ್ಜೆಯಲ್ಲೇ ಇದ್ದಳು. ಆದರೆ ವೈದ್ಯರು ಗಮನಿಸಿದ್ದು ದರ್ಜೆಗಿಂತ ಚಿತ್ರದಿಂದ ಚಿತ್ರಕ್ಕೆ ಇದ್ದ ವ್ಯತ್ಯಾಸವನ್ನು. ಮಲಗಿದಾಗ ಮೂಳೆ ಹೆಚ್ಚುಕಡಿಮೆ ತನ್ನ ಜಾಗಕ್ಕೆ ಮರಳುತ್ತದೆ, ಮೈಭಾರ ಬಿದ್ದಾಗ ಮುಂದೆ ಸರಿಯುತ್ತದೆ. ಮುಂದೆ ಬಾಗಿದಾಗಿನ ಮತ್ತು ಹಿಂದೆ ಬಾಗಿದಾಗಿನ ಅಂತರ 4 ಮಿಲಿಮೀಟರ್. ಮೂರರಿಂದ ನಾಲ್ಕೂವರೆ ಮಿಲಿಮೀಟರ್ ನಡುವೆ ಎಲ್ಲೋ ಒಂದು ಗಡಿ ಹಾಕಿಕೊಂಡು, ಅದನ್ನು ಮೀರಿದರೆ ಆ ಕೀಲು ಸಡಿಲವಾಗಿದೆ ಎಂದು ವೈದ್ಯರು ಎಣಿಸುತ್ತಾರೆ. ಎಲ್ಲರ ಗಡಿಯೂ ಒಂದೇ ಅಲ್ಲ. ಅಳತೆಯಲ್ಲೇ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಆಗುವುದರಿಂದ, ಅಕ್ಕನ 4 ಗಡಿಯ ಮೇಲೇ ಕೂತಿತ್ತು.

ಇಲ್ಲಿ ಮೊಮ್ಮಗ ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. "ಬಗ್ಗಿದಾಗ ಜಾಸ್ತಿ ಜಾರುತ್ತೆ ಅಂದ್ರೆ, ಬಗ್ಗಿದಾಗ ಜಾಸ್ತಿ ನೋಯ್ಬೇಕಲ್ವಾ? ಅಜ್ಜಿಗೆ ಬಗ್ಗಿದ್ರೆ ಕಮ್ಮಿ ಆಗುತ್ತೆ."

ಉತ್ತರ ನಮ್ಮ ತೋಳಿನಲ್ಲೇ ಇದೆ. ತುಂಬುತೋಳಿನ ಅಂಗಿ ಹಾಕಿಕೊಂಡು ಕೈ ಮಡಚಿ ನೋಡಿ, ಮೊಣಕೈಯ ಒಳಬದಿಯಲ್ಲಿ ಬಟ್ಟೆ ಮುದುರಿ ಗಂಟಾಗುತ್ತದೆ. ಬೆನ್ನಿನ ಕೊಳವೆಯ ಹಿಂಗೋಡೆಗೆ ಒಂದು ಹಳದಿ ಬಣ್ಣದ ಪಟ್ಟಿಯ ಹೊದಿಕೆ ಇದೆ. ವಯಸ್ಸಾದಂತೆ ಅದು ದಪ್ಪವಾಗುತ್ತದೆ. ನಾವು ನೆಟ್ಟಗೆ ನಿಂತಾಗ, ಹಿಂದಕ್ಕೆ ಬಾಗಿದಾಗ ಅದು ಒಳಕ್ಕೆ ಮುದುರಿ ನರಗಳನ್ನು ಒತ್ತುತ್ತದೆ. ಡಿಸ್ಕ್ ಕೂಡ ಹಿಂದಕ್ಕೆ ಉಬ್ಬುತ್ತದೆ. ಮುಂದಕ್ಕೆ ಬಾಗಿದರೆ ಪಟ್ಟಿ ಎಳೆದುಕೊಂಡು ತೆಳ್ಳಗಾಗಿ ದಾರಿ ಬಿಡುತ್ತದೆ. ಮೂಳೆ ಒಂದು ಮಿಲಿಮೀಟರ್ ಹೆಚ್ಚು ಜಾರಿದರೂ ನರಕ್ಕೆ ಒಟ್ಟಿನಲ್ಲಿ ಜಾಗವೇ ಹೆಚ್ಚು. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ ಮಾತ್ರ. ಪಟ್ಟಿಯಾಗಲಿ, ಡಿಸ್ಕ್ ಆಗಲಿ, ನರವಾಗಲಿ ಕಾಣುವುದಿಲ್ಲ. ಆದ್ದರಿಂದ ದರ್ಜೆಯ ಅಂಕಿಯನ್ನು ನೋವಿನ ಅಂಕಿ ಎಂದುಕೊಳ್ಳಬಾರದು. ಶೇಕಡಾ 20 ಜಾರಿದ್ದರೂ ಏನೂ ನೋವಿಲ್ಲದೆ ಓಡಾಡುವವರಿದ್ದಾರೆ.

ಹಾಗಾಗಿ ನರದ ಇಕ್ಕಟ್ಟು ನೋಡಲು ಎಂ.ಆರ್.ಐ. ಮಾಡಿಸಿದರು. ನಾಲ್ಕು–ಐದರ ನಡುವೆ ಕೊಳವೆ ಕಿರಿದಾಗಿತ್ತು. ಆದರೆ ಎಂ.ಆರ್.ಐ. ಮಾಡುವುದು ಮಲಗಿಸಿ. ಅದರಲ್ಲಿ ಮೂಳೆಗಳು ಸುಮಾರಾಗಿ ನೇರವಾಗಿಯೇ ಕಂಡವು. ನಿಂತ ಎಕ್ಸ್‌ರೇ ಪಕ್ಕದಲ್ಲಿ ಇಲ್ಲದಿದ್ದರೆ, ಜಾರುವ ಮೂಳೆಯ ಸುದ್ದಿಯೇ ವರದಿಗೆ ಬಾರದೆ ಹೋಗುತ್ತಿತ್ತು.

ಈ ಸುದ್ದಿ ಯಾಕೆ ಬೇಕೆಂದರೆ, ಮುಂದೆ ಶಸ್ತ್ರಚಿಕಿತ್ಸೆ ಬೇಕಾದರೆ ಎರಡು ದಾರಿಗಳಿವೆ. ಒಂದು, ಒತ್ತುತ್ತಿರುವ ಮೂಳೆ, ಪಟ್ಟಿಗಳನ್ನು ಕೆತ್ತಿ ನರಕ್ಕೆ ಜಾಗ ಬಿಡಿಸುವುದು. ಇನ್ನೊಂದು, ಹಾಗೆ ಬಿಡಿಸಿದ ಮೇಲೆ ಎರಡು ಮೂಳೆಗಳನ್ನು ಸ್ಕ್ರೂ ಹಾಕಿ ಒಂದಾಗಿ ಬೆಸೆಯುವುದು. ಬೆಸೆಯುವುದು ದೊಡ್ಡ ಕೆಲಸ, ಚೇತರಿಕೆಯೂ ನಿಧಾನ. ಮೂಳೆ ಬಹಳ ಸಡಿಲವಿದ್ದರೆ ಬೆಸೆಯಬೇಕೆಂದು ಹಲವರು ಹೇಳುತ್ತಾರೆ. ನಾರ್ವೆಯಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಅಕ್ಕನಂಥ ಜಾರುವಿಕೆಯವರಲ್ಲಿ ಜಾಗ ಬಿಡಿಸಿದ್ದಷ್ಟೇ ಎರಡು ವರ್ಷದ ನಂತರ ಬೆಸೆದದ್ದಕ್ಕೆ ಕಡಿಮೆಯಾಗಿರಲಿಲ್ಲ. ವೈದ್ಯರು ಎರಡನ್ನೂ ಬಿಡಿಸಿ ಹೇಳಿ, "ಈಗಲೇ ಎರಡೂ ಬೇಡ. ಕಾಲಿನ ಬಲ ಚೆನ್ನಾಗಿದೆ. ಮೂರು ತಿಂಗಳು ವ್ಯಾಯಾಮ ಮಾಡಿ ಬನ್ನಿ" ಎಂದರು. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಮೂತ್ರ ಕಟ್ಟಿಕೊಂಡರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ, ಕೂರುವ ಜಾಗದ ಸುತ್ತ ಸ್ಪರ್ಶ ತಿಳಿಯದಾದರೆ, ಪಾದ ಎತ್ತಲಾಗದೆ ನೆಲಕ್ಕೆ ಎಳೆಯತೊಡಗಿದರೆ ಅದೇ ದಿನ ಆಸ್ಪತ್ರೆಗೆ ಬರಬೇಕು.

ಅಕ್ಕನಿಗೆ ಕಲಿಸಿದ್ದು ಮಲಗಿ ಮಂಡಿಗಳನ್ನು ಎದೆಗೆ ತರುವುದು, ಹೊಟ್ಟೆಯ ಸ್ನಾಯು ಬಿಗಿಮಾಡುವುದು, ಒಂದೇ ಕಡೆ ನಿಂತ ವ್ಯಾಯಾಮದ ಸೈಕಲ್ ತುಳಿಯುವುದು. ಸೈಕಲ್ ಮೇಲೆ ಮುಂದಕ್ಕೆ ಬಾಗಿರುವುದರಿಂದ ಅವಳಿಗೆ ಹತ್ತು ನಿಮಿಷ ತುಳಿದರೂ ಕಾಲು ನೋಯಲಿಲ್ಲ. ತರಕಾರಿಗೆ ಹೋಗಲು ಕೈಚೀಲದ ಬದಲು ಮುಂದೆ ತಳ್ಳುವ ನಾಲ್ಕು ಚಕ್ರದ ಗಾಡಿ ಬಂತು. ಅದರ ಹಿಡಿಯ ಮೇಲೆ ತುಸು ಬಾಗಿ ನಡೆದರೆ ಇನ್ನೂರು ಮೀಟರ್ ಇದ್ದದ್ದು ಮೂರು ತಿಂಗಳಲ್ಲಿ ಆರುನೂರಾಯಿತು. ಎಲ್ಲರಿಗೂ ಹೀಗೇ ಆಗುತ್ತದೆಂದಲ್ಲ. ದೂರ ಕಡಿಮೆಯಾಗುತ್ತಲೇ ಹೋಗಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಮತ್ತೆ ಬರುತ್ತಿತ್ತು, ಮುಂದೆ ಬರಲೂಬಹುದು.

ಒಂದು ವರ್ಷದ ಮೇಲೆ ಒಂದೇ ಒಂದು ಎಕ್ಸ್‌ರೇ ತೆಗೆಸಿದರು, ನಿಂತದ್ದು. ಸೊಂಟದ ಎಕ್ಸ್‌ರೇಗೆ ಎದೆಯದಕ್ಕಿಂತ ಹೆಚ್ಚು ಕಿರಣ ಬೇಕು, ಆದ್ದರಿಂದ ಸುಮ್ಮಸುಮ್ಮನೆ ನಾಲ್ಕು ನಾಲ್ಕು ತೆಗೆಯುವುದಿಲ್ಲ. ಮೊಮ್ಮಗ ಸ್ಕೇಲು ಹಿಡಿದು ಕಾದಿದ್ದ. 20ಕ್ಕೆ 4. ಶೇಕಡಾ 20, ಹೋದ ವರ್ಷದಷ್ಟೇ. ಅಕ್ಕ ಲೆಕ್ಕ ಕೇಳಿಸಿಕೊಂಡು, "ಜಾರಿದ್ದು ಜಾರಿದಷ್ಟೇ ಇದೆ ತಾನೇ? ಹಾಗಾದ್ರೆ ಗಾಡಿ ತಳ್ಳು, ಸೊಪ್ಪು ಬಾಡೋದ್ರೊಳಗೆ ತರ್ಬೇಕು" ಎಂದಳು.